ಇಂಗ್ಲಿಷ್ ಎಕ್ಸ್‌ಟೆಂಡೆಡ್ ಅಬ್‌ಸ್ಟ್ರಾಕ್ಟ್: ವಿವಿ ಕೊಟ್ಟ ಹೆಡ್ಡಿಂಗಲ್ಲೇ ಕಟ್ಟಬೇಕಾ?

ಪರ

ಕನ್ನಡದಲ್ಲಿ ಥೀಸಿಸ್ ಬರ್ದೋರ್ಗೆ ಈ ಇಂಗ್ಲಿಷ್ ಅಬ್‌ಸ್ಟ್ರಾಕ್ಟ್ ಅಂದ್ರೆ ಕೊನೇ ವಾರದ ತಲೆನೋವು, ಸಮಾರೋಪದ ಅಧ್ಯಾಯನ ಯಾರ ಕೈಲೋ ಟ್ರಾನ್ಸ್‌ಲೇಟ್ ಮಾಡಿಸಿ ಅಂಟಿಸಿಬಿಡ್ತಾರೆ. ಅದ್ಕೇ ನಾನು ಹೇಳೋದು, ಹೆಡ್ಡಿಂಗ್ ಹಿಡ್ಕೊಂಡೇ ಬರೀರಿ ಅಂತ. ಥೀಸಿಸ್‌ಗಳನ್ನ ಆನ್‌ಲೈನಲ್ಲಿ ಇಡೋ ಶೋಧಗಂಗಾಕ್ಕೆ ನಿಮ್ಮ ಥೀಸಿಸ್ ಹೋದ್ಮೇಲೆ ಕನ್ನಡ ಬರದ ಜಾನಪದದೋರು ಯಾರಾದ್ರೂ ತೆಗೆದ್ರೆ ಅವ್ರಿಗೆ ಅರ್ಥ ಆಗೋದು ಈ ನಾಲ್ಕೈದು ಪುಟ ಅಷ್ಟೇ, ಇಂಟ್ರೊಡಕ್ಷನ್, ಆಬ್ಜೆಕ್ಟಿವ್ಸ್, ಮೆಥಡಾಲಜಿ, ಅಧ್ಯಾಯಗಳ ಸಾರ, ಫೈಂಡಿಂಗ್ಸ್ ಇದ್ರೆ ಬೇಕಾದ್ದನ್ನ ನೇರವಾಗಿ ಹುಡುಕ್ಕೋತಾರೆ.

ಒಂದು ಉದಾಹರಣೆ ತಗೊಳ್ಳೋಣ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಸಾಲು ಅನ್ನೋ ಭಾಗವನ್ನ ಮೂರು ಜನ ನೀಲಗಾರರ ಹಾಡಿಕೆ ಇಟ್ಕೊಂಡು ಹೋಲಿಸಿದ ಥೀಸಿಸ್ ಅಂದ್ಕೊಳ್ಳಿ. ಕನ್ನಡದಲ್ಲಿ ಯಾರ ಹತ್ರ, ಎಲ್ಲಿ, ಹೇಗೆ ರೆಕಾರ್ಡ್ ಮಾಡಿದ್ದು ಅನ್ನೋದು ಮುನ್ನುಡೀಲಿ ಒಂದಿಷ್ಟು, ಅನುಬಂಧದಲ್ಲಿ ಒಂದಿಷ್ಟು ಚದುರಿರತ್ತೆ. ಮೆಥಡಾಲಜಿ ಅನ್ನೋ ಹೆಡ್ಡಿಂಗ್ ಬಂತು ಅಂದ್ರೆ ಅದನ್ನೆಲ್ಲ ಒಂದೇ ಕಡೆ ಹೇಳ್ಲೇಬೇಕು: ಚಿಕ್ಕಲ್ಲೂರು ಜಾತ್ರೇಲಿ ಭಕ್ತರ ಮುಂದೆ ಹಾಡಿದ್ದಾ, ಇಲ್ಲಾ ಸಂಶೋಧಕರು ಕೂರಿಸಿ ಹಾಡಿಸಿದ್ದಾ? ತಂಬೂರಿ ಹಿಡಿದೋರ ಜೊತೆ ಹಿಮ್ಮೇಳ ಇತ್ತಾ? ಲಿಪಿಗಿಳಿಸುವಾಗ ಆಡುಮಾತನ್ನ ತಿದ್ದಿದ್ದೀರಾ? ಇದನ್ನೆಲ್ಲ ಬಿಟ್ಟು 'ವಿವರಣಾತ್ಮಕ ಪದ್ಧತಿ ಅನುಸರಿಸಿದೆ' ಅಂತ ಒಂದು ಸಾಲು ಹಾಕಿದ್ರೆ ಆ ವಿಭಾಗ ಖಾಲಿ ಇದ್ದಂಗೇ.

ಇನ್ನೊಂದು ಲಾಭ ಇದೆ. ಆಬ್ಜೆಕ್ಟಿವ್ಸ್, ಫೈಂಡಿಂಗ್ಸ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನಂಬರ್ ಹೊಂದಿಸಿ ನೋಡಿ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ಕೇಳೋ ಭಾಗ ಹಾಡುಗಾರರಿಂದ ಹಾಡುಗಾರರಿಗೆ ಹೇಗೆ ಹಿಗ್ಗತ್ತೆ, ಕುಗ್ಗತ್ತೆ ಅನ್ನೋದು ಮೊದಲನೇ ಉದ್ದೇಶ ಆದ್ರೆ ಮೊದಲನೇ ಫೈಂಡಿಂಗ್ ಅದಕ್ಕೇ ಉತ್ತರ ಕೊಡಬೇಕು. ಉದ್ದೇಶವೇ ಇಲ್ಲದ ಫೈಂಡಿಂಗ್ ಒಂದು ಸಿಕ್ಕಿದ್ರೆ, ಥೀಸಿಸ್ ನಡುವೆ ದಾರಿ ಬದಲಾಗಿದೆ ಅಂತ ಲೆಕ್ಕ. ವೈವಾದಲ್ಲಿ ಗೊತ್ತಾಗೋದಕ್ಕಿಂತ ಇಲ್ಲೇ ಗೊತ್ತಾದ್ರೆ ಒಳ್ಳೇದಲ್ವಾ.

ವಿರೋಧ

ಹೆಡ್ಡಿಂಗ್ ಇರಲಿ ಸ್ವಾಮಿ, ಆಫೀಸಲ್ಲಿ ವಾಪಸ್ ಕಳಿಸ್ತಾರೆ ಅಂತ ನಂಗೂ ಗೊತ್ತು. ಆದ್ರೆ ಬರವಣಿಗೆನ ಅದ್ರಿಂದಲೇ ಕಟ್ಟಬೇಕು ಅನ್ನೋದನ್ನ ನಾನು ಒಪ್ಪಲ್ಲ, ಯಾಕಂದ್ರೆ ಈ ಅಚ್ಚು ಬಂದಿರೋದು ಸರ್ವೇ ಮಾಡೋ ವಿಷಯಗಳಿಂದ. ಹೈಪಾಥಿಸಿಸ್ ಅಂತ ಒಂದು ಖಾನೆ ಇದ್ರೆ ಜಾನಪದದ ಹುಡುಗ ಏನ್ಮಾಡ್ತಾನೆ? ಎಲ್ಲಾ ಮುಗಿದ್ಮೇಲೆ ಗೊತ್ತಾಗಿದ್ದನ್ನೇ ಮೊದಲೇ ಊಹಿಸಿದ್ದೆ ಅಂತ ಬರೀತಾನೆ, ಅದು ಸುಳ್ಳು. ಸ್ಯಾಂಪಲ್ ಅನ್ನೋ ಕಡೆ 'ಮೂರು ಗಾಯಕರು' ಅಂತ ಹಾಕಿದ್ರೆ ಸರ್ವೇ ಕಣ್ಣಿಗೆ ಅದು ಏನೂ ಅಲ್ಲ, ಆದ್ರೆ ರಾತ್ರಿಯಿಡೀ ಹಾಡೋ ಕಾವ್ಯಕ್ಕೆ ಮೂರು ಹಾಡಿಕೆ ಅಂದ್ರೆ ವರ್ಷಗಟ್ಟಲೆ ಕೆಲಸ. ಇದನ್ನ ಆ ಖಾನೇಲೇ ಒಂದು ವಾಕ್ಯದಲ್ಲಿ ಹೇಳಬೇಕು, ಅಚ್ಚು ಅದನ್ನ ಕೇಳಲ್ಲ.

ಇನ್ನು ಅಧ್ಯಾಯಗಳ ಸಾರ. ಎರಡು ಸಾವಿರ ಪದದ ಮಿತಿ ಇದೆ ಅಂದ್ಕೊಳ್ಳಿ, ಆರು ಅಧ್ಯಾಯಕ್ಕೆ ಇನ್ನೂರರಂತೆ ಹಂಚಿದ್ರೆ ಸಾವಿರದ ಇನ್ನೂರು ಅಲ್ಲೇ ಹೋಯ್ತು. ಉಳಿದಿದ್ರಲ್ಲಿ ಒಂದೇ ಮಾತು ಉದ್ದೇಶದಲ್ಲಿ, ಫೈಂಡಿಂಗಲ್ಲಿ, ಕನ್‌ಕ್ಲೂಷನಲ್ಲಿ ಮೂರು ಸಲ ಬರತ್ತೆ. ನಾನಾಗಿದ್ರೆ ಹಿನ್ನೆಲೆಯ ಅಧ್ಯಾಯಗಳಿಗೆ ಒಂದೊಂದೇ ವಾಕ್ಯ ಕೊಟ್ಟು, ಹೋಲಿಕೆ ಮಾಡೋ ಅಧ್ಯಾಯಕ್ಕೆ ಮುನ್ನೂರು ಪದ ಬಿಟ್ಟು, ಥೀಸಿಸ್‌ನ ವಾದವನ್ನ ಇಂಟ್ರೊಡಕ್ಷನ್‌ನ ಮೊದಲ ಪ್ಯಾರಾದಲ್ಲೇ ಹೇಳಿಬಿಡ್ತೀನಿ. ಮಾಮೂಲಿಯಾಗಿ ಅಲ್ಲಿರೋದು 'ಕರ್ನಾಟಕ ಜಾನಪದದ ತವರು' ಅನ್ನೋ ಮಾತು, ಅದು ಯಾರಿಗೆ ಬೇಕು?

ಅಚ್ಚು ಕೇಳದೇ ಇರೋ ಇನ್ನೊಂದು ದೊಡ್ಡ ವಿಷ್ಯ ಪದಗಳದ್ದು. 'ಸಾಲು' ಅನ್ನೋದನ್ನ ಲೈನ್ ಅಂತ ಮಾಡಿದ್ರೆ ಕಥೆ ಮುಗೀತು, ಇಲ್ಲಿ ಸಾಲು ಅಂದ್ರೆ ಕಾವ್ಯದ ಒಂದು ಪೂರ್ತಿ ಭಾಗ. ಹಂಗಾಗಿ ಮೊದಲ ಸಲ ಬಂದಾಗ sālu ಅಂತ ಇಟಾಲಿಕ್ಸಲ್ಲಿ ಬರೆದು ಅರ್ಧ ವಾಕ್ಯದ ವಿವರಣೆ ಕೊಡಬೇಕು, ಆಮೇಲೆ ಕೊನೇವರೆಗೂ ಅದೇ ಇರಬೇಕು. ಲಿಪ್ಯಂತರಕ್ಕೆ ಸಂಸ್ಕೃತದೋರು ಬಳಸೋ IAST ಸಾಕಾಗಲ್ಲ, ಅದ್ರಲ್ಲಿ ಎ-ಏ, ಒ-ಓ ಬೇರೆ ಬೇರೆ ಮಾಡೋಕೆ ಗುರುತಿಲ್ಲ. ISO 15919 ಹಿಡಿದ್ರೆ ಒಕ್ಕಲು okkalu ಆಗತ್ತೆ, ಓಲೆ ōle ಆಗತ್ತೆ. ಊರಿನ ಹೆಸರಿಗೆ ಮಾತ್ರ ಗುರುತು ಬೇಡ, Koḷḷēgāla ಅಂತ ಯಾರೂ ಸರ್ಚ್ ಮಾಡಲ್ಲ, Kollegal ಅಂತಲೇ ಇರಲಿ.

ಈ ಪದಗಳ ವಿವರಣೆ ಯಾವ ಹೆಡ್ಡಿಂಗ್ ಕೆಳಗೆ ಹೋಗಬೇಕು? ವಿವಿ ಪಟ್ಟೀಲಿ ಜಾಗಾನೇ ಇಲ್ಲ, ನಾನು ಮೆಥಡಾಲಜಿಯ ಕೊನೇ ಪ್ಯಾರಾದಲ್ಲಿ ತುರುಕ್ತೀನಿ, ಇದುವರೆಗೂ ಯಾರೂ ಕೇಳಿಲ್ಲ.