ಬೇಕಾಗಿದ್ದಾರೆ: ದಿನಕ್ಕೆರಡು ಗಂಟೆಯ ಸಕಲಕಲಾವಲ್ಲಭ

“ಪಂಪ್‌ಸೆಟ್ ಬಿಡಿಭಾಗ ತಯಾರಿಸುವ ನಮ್ಮ ಸಣ್ಣ ಕಂಪನಿಗೆ ವೆಬ್‌ಸೈಟ್ ನೋಡಿಕೊಳ್ಳುವವರು ಬೇಕಾಗಿದ್ದಾರೆ. ದಿನಕ್ಕೆ ಎರಡು ಗಂಟೆ ಕೆಲಸ. ವರ್ಡ್‌ಪ್ರೆಸ್, ಪಿಎಚ್‌ಪಿ, ಜಾವಾ, ಫೋಟೋಶಾಪ್, ವಿಡಿಯೊ ಎಡಿಟಿಂಗ್ ಬರಬೇಕು. ಗೂಗಲ್‌ನಲ್ಲಿ ನಮ್ಮ ಹೆಸರು ಮೊದಲು ಬರುವಂತೆ ಮಾಡಬೇಕು. ಪ್ರಿಂಟರ್ ರಿಪೇರಿ ಗೊತ್ತಿದ್ದವರಿಗೆ ಆದ್ಯತೆ. ಅರ್ಜಿಯನ್ನು ವೆಬ್‌ಸೈಟಿನ ಫಾರಂ ಮೂಲಕವೇ ಕಳಿಸತಕ್ಕದ್ದು.”

ಹತ್ತು ಪುಟದ ವರ್ಡ್‌ಪ್ರೆಸ್ ಸೈಟಿಗೆ ಜಾವಾ ಏಕೆಂದು ಕೇಳಬೇಡಿ, ಬರೆದವರಿಗೂ ಗೊತ್ತಿರಲಾರದು. ಆದರೆ ಕೊನೆಯ ಸಾಲನ್ನು ಬಿಡುವಂತಿಲ್ಲ. ಇಂಥ ಸೈಟುಗಳಲ್ಲಿ ಸದ್ದಿಲ್ಲದೆ ಕೆಡುವುದು ಆ ಫಾರಮ್ಮೇ.

ಗಿರಾಕಿ ಫಾರಂ ತುಂಬಿ ಗುಂಡಿ ಒತ್ತುತ್ತಾನೆ. “ಧನ್ಯವಾದ, ಸಂದೇಶ ಕಳಿಸಲಾಗಿದೆ” ಎಂದು ಹಸಿರು ಪೆಟ್ಟಿಗೆ ಮೂಡುತ್ತದೆ. ಸರ್ವರ್ ಮೇಲನ್ನು ತನ್ನ ಕೈಯಿಂದ ದಾಟಿಸಿದೆ ಎಂಬುದಷ್ಟೇ ಅದರ ಅರ್ಥ. ತಲುಪಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇತ್ತ ಮಾಲೀಕರು “ಈ ತಿಂಗಳು ಮಾರ್ಕೆಟ್ ಡಲ್ಲು” ಎನ್ನುತ್ತಾ ಕೂತಿರುತ್ತಾರೆ.

ಸಾಮಾನ್ಯ ಕಾರಣ, ಫಾರಂ ಮಾಡಿದವರು ‘ಇಂದ’ ವಿಳಾಸದಲ್ಲಿ ಗಿರಾಕಿಯ ಜಿಮೇಲನ್ನೇ ಹಾಕಿರುವುದು. ಯಾವುದೋ ಹೋಸ್ಟಿಂಗ್ ಸರ್ವರ್ ತಾನು ಜಿಮೇಲ್ ಎಂದು ಹೇಳಿಕೊಂಡು ಬಂದರೆ ಆ ಕಡೆಯ ಕಾವಲುಗಾರ ಬಿಡುತ್ತಾನೆಯೇ? ನೇರ ಸ್ಪ್ಯಾಮಿಗೆ. ಸ್ಪ್ಯಾಮಿನಲ್ಲಿ ಸಿಕ್ಕ ಮೇಲನ್ನು ಜಿಮೇಲಿನಲ್ಲಿ ತೆರೆದು Show original ಒತ್ತಿ ನೋಡಿ. ‘ಇಂದ’ ವಿಳಾಸ ಗಿರಾಕಿಯದಾಗಿದ್ದು, ಕಳಿಸಿದವರ ಗುರುತು ಪರೀಕ್ಷಿಸುವ DMARC ಎದುರು FAIL ಎಂದಿದ್ದರೆ ಅದೇ ರೋಗ. ಕಾಂಟ್ಯಾಕ್ಟ್ ಫಾರಂ 7 ಪ್ಲಗಿನ್‌ನಲ್ಲಾದರೆ ಮದ್ದು ಇಷ್ಟೇ:

```
From: web@example.in
Reply-To: [your-email]
```

ಕಂಪನಿಯ ಸ್ವಂತ ಡೊಮೇನಿನಿಂದ ಹೊರಡಲಿ, ಉತ್ತರ ಮಾತ್ರ ಗಿರಾಕಿಗೆ ಹೋಗಲಿ. ಜೊತೆಗೆ ಎಸ್‌ಎಂಟಿಪಿ ಪ್ಲಗಿನ್ ಹಾಕಿ ಆ ವಿಳಾಸದ್ದೇ ಲಾಗಿನ್ ಕೊಟ್ಟರೆ ಇನ್ನೂ ಕ್ಷೇಮ.

ಇನ್ನೊಂದು ಸಮಸ್ಯೆ ಇದಕ್ಕಿಂತ ಕಿಲಾಡಿ. ಕಂಪನಿಯ ಮೇಲ್ ಗೂಗಲ್‌ಗೆ ಸ್ಥಳಾಂತರವಾಗಿರುತ್ತದೆ, ಆದರೆ ಹಳೇ ಹೋಸ್ಟಿಂಗಿಗೆ ಯಾರೂ ಹೇಳಿರುವುದಿಲ್ಲ. ಅದು ನಿಷ್ಠೆಯಿಂದ ಪ್ರತಿ ವಿಚಾರಣೆಯನ್ನೂ ತನ್ನಲ್ಲೇ ಇರುವ ಹಳೇ ಪೆಟ್ಟಿಗೆಗೆ ತುಂಬುತ್ತಿರುತ್ತದೆ. ಹೊರಗಿನಿಂದ ಕಳಿಸಿದ ಮೇಲ್ ಬರುತ್ತದೆ, ಫಾರಮ್ಮಿನದು ಮಾತ್ರ ಸ್ಪ್ಯಾಮಿನಲ್ಲೂ ಇಲ್ಲ ಎಂದರೆ ಮೊದಲು ಇದನ್ನೇ ಶಂಕಿಸಬೇಕು. ಹಳೇ ಹೋಸ್ಟಿಂಗಿನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನ Email Routing ನಲ್ಲಿ Local ಇದ್ದುದನ್ನು Remote ಮಾಡಿದರೆ ಮುಗಿಯಿತು. ಹಳೇ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಬೇಕು, ಕಳೆದ ವರ್ಷದ ಆರ್ಡರುಗಳೂ ಅಲ್ಲೇ ಸಿಗಬಹುದು.

ಆದ್ದರಿಂದ ಜಾಹೀರಾತಿನಲ್ಲಿ ಜಾವಾ ಹೊಡೆದುಹಾಕಿ ಹೀಗೆ ಬರೆಯಬಹುದು: ಪ್ರತಿ ಸೋಮವಾರ ಫಾರಂ ತುಂಬಿ, ಮೇಲ್ ಬಂತೇ ನೋಡಬೇಕು. ಪ್ಲಗಿನ್ ಅಪ್‌ಡೇಟ್ ಮಾಡುವ ಮುನ್ನ ಡೇಟಾಬೇಸ್, wp-content ಎರಡರ ಬ್ಯಾಕಪ್ ತೆಗೆದು ಬೇರೆ ಕಡೆ ಇಡಬೇಕು. ಸೈಟ್ ಇರುವ ಸರ್ವರಿನಲ್ಲೇ ಇಟ್ಟರೆ ಸೈಟೂ ಬ್ಯಾಕಪ್ಪೂ ಒಟ್ಟಿಗೇ ಮುಳುಗುತ್ತವೆ. ಡೊಮೇನ್ ನವೀಕರಣದ ನೆನಪೋಲೆ ಯಾರ ಇಮೇಲಿಗೆ ಹೋಗುತ್ತಿದೆ ಎಂದು ಮೊದಲ ದಿನವೇ ಪತ್ತೆ ಮಾಡಬೇಕು. ಅದು ಕೆಲಸ ಬಿಟ್ಟುಹೋದವರ ವಿಳಾಸವಾಗಿದ್ದರೆ ಅವರನ್ನು ಹುಡುಕಿ ಕಾಫಿ ಕುಡಿಸುವ ಖರ್ಚು ಕಂಪನಿಯದೇ.