ಎಂಡೋಸಲ್ಫಾನ್ ನಿಲ್ಲಿಸಿದ್ದು ಯಾವ ಕಾನೂನು?

ಹೋದ ವಾರ ಮೂಡಿಗೆರೆ ಕಡೆ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿದ ಹಳೇ ಸ್ಪ್ರೇಯರ್ ಬಿದ್ದಿತ್ತು. ಅದನ್ನು ಕಾಲಲ್ಲಿ ಸರಿಸುತ್ತಾ ದೊಡ್ಡಪ್ಪ, "ಕಾಫಿ ಹಣ್ಣು ಕೊರೆಯೋ ಬೆರಿ ಬೋರರ್‌ಗೆ ಎಂಡೋಸಲ್ಫಾನ್ ಹೊಡೀತಿದ್ದ ಕಾಲದ್ದು ಮಾರಾಯ. ಆಮೇಲೆ ಆ ಫಾರಿನ್‌ನವರು ಅದೇನೋ ಒಪ್ಪಂದ ಮಾಡ್ಕೊಂಡು ಔಷಧಿನೇ ನಿಲ್ಸಿಬಿಟ್ರು" ಅಂದರು. ನಾನು ವಕೀಲ, ಬಾಯಿ ಸುಮ್ಮನಿರುವುದಿಲ್ಲ. "ದೊಡ್ಡಪ್ಪ, ಒಪ್ಪಂದ ನಿಮ್ಮನ್ನು ಕಟ್ಟಿಹಾಕಲೇ ಇಲ್ಲ. ಯಾರ ಮೇಲೂ ಬಂಧನವಿಲ್ಲದ ಒಂದು ವಾಕ್ಯ ಕಟ್ಟಿಹಾಕಿತು" ಅಂದೆ. ಅವರು ನನ್ನ ಮುಖ ನೋಡಿ, "ಕಾಫಿ ಕುಡೀತೀಯೇನೋ?" ಅಂದರು. ಅಲ್ಲಿಗೆ ಮಾತು ನಿಂತಿತು. ಉಳಿದದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ.

ಆ ವಾಕ್ಯ ಹುಟ್ಟಿದ್ದು 1992ರಲ್ಲಿ, ರಿಯೋ ಭೂ ಶೃಂಗಸಭೆಯಲ್ಲಿ. ರಿಯೋ ಘೋಷಣೆಯ 15ನೇ ತತ್ವದ ಸಾರಾಂಶ ಇಷ್ಟು: ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿಯ ಅಪಾಯವಿದ್ದರೆ, ವಿಜ್ಞಾನ ಪೂರ್ತಿ ಖಚಿತವಾಗಿಲ್ಲ ಎಂಬ ನೆಪದಲ್ಲಿ ಪರಿಸರ ಉಳಿಸುವ ಕ್ರಮವನ್ನು ಮುಂದೂಡಬಾರದು. ಇದನ್ನೇ ಮುನ್ನೆಚ್ಚರಿಕೆ ತತ್ವ ಅನ್ನುತ್ತಾರೆ. ಆದರೆ ಘೋಷಣೆ ಅಂದರೆ ಒಪ್ಪಂದವಲ್ಲ. ದೇಶಗಳು ಅದಕ್ಕೆ ಅನುಮೋದನೆ ಕೊಡುವ ಪ್ರಶ್ನೆಯೇ ಇಲ್ಲ, ಮುರಿದರೆ ಒಪ್ಪಂದ ಮುರಿದಂತೆಯೂ ಅಲ್ಲ. ಇಂಥವನ್ನು ನಮ್ಮಲ್ಲಿ ಸಾಫ್ಟ್ ಲಾ, ಮೃದು ಕಾನೂನು ಅನ್ನುತ್ತೇವೆ. ಘೋಷಣೆ, ಮಾರ್ಗಸೂಚಿ, ನೀತಿ ಸಂಹಿತೆ, ವಿಶ್ವಸಂಸ್ಥೆ ಸಾಮಾನ್ಯ ಸಭೆಯ ಬಹುತೇಕ ನಿರ್ಣಯಗಳು ಎಲ್ಲ ಈ ಸಾಲಿಗೇ ಸೇರುತ್ತವೆ. ಕೈಕಟ್ಟುವುದಿಲ್ಲ ಅಂತ ಗೊತ್ತಿರುವುದರಿಂದಲೇ ದೇಶಗಳು ಇವಕ್ಕೆ ಧಾರಾಳವಾಗಿ ತಲೆದೂಗುತ್ತವೆ. ಮದುವೆ ಮನೆಯಲ್ಲಿ "ಬರ್ತೀವಿ, ಖಂಡಿತ ಬರ್ತೀವಿ" ಅಂದ ಹಾಗೆ.

ನಾಲ್ಕು ವರ್ಷ ಕಳೆದು 1996ರಲ್ಲಿ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರ್ ನದಿಗೆ ಕೊಳಕು ಬಿಡುತ್ತಿದ್ದ ಕೇಸು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ತೀರ್ಪು ಎರಡು ಹೆಜ್ಜೆ ಇಟ್ಟಿತು. ಸುಸ್ಥಿರ ಅಭಿವೃದ್ಧಿ ಅಂತಾರಾಷ್ಟ್ರೀಯ ರೂಢಿ ಕಾನೂನಿನ ಭಾಗ, ಮುನ್ನೆಚ್ಚರಿಕೆ ತತ್ವ ಅದರ ಮುಖ್ಯ ಅಂಗ ಅಂದಿದ್ದು ಮೊದಲನೆಯದು. ರೂಢಿ ಕಾನೂನು ನಮ್ಮ ಶಾಸನಕ್ಕೆ ವಿರುದ್ಧವಾಗಿಲ್ಲದಿದ್ದರೆ ದೇಶದ ಕಾನೂನೇ ಆಗುತ್ತದೆ ಅಂದಿದ್ದು ಎರಡನೆಯದು. ಇದಕ್ಕೆ ಸಂವಿಧಾನದಲ್ಲಿ ಬದುಕುವ ಹಕ್ಕು ಕೊಡುವ 21ನೇ ವಿಧಿಯನ್ನೂ, ಪರಿಸರ ಕಾಪಾಡಲು ಸರ್ಕಾರಕ್ಕೆ ಹೇಳುವ 48ಎ ವಿಧಿಯನ್ನೂ ಊರುಗೋಲಾಗಿ ಕೊಟ್ಟಿತು.

ಇಲ್ಲಿ ನನ್ನ ತಕರಾರು ಒಂದಿದೆ. ಒಂದು ನಿಯಮ ರೂಢಿ ಕಾನೂನಾಗಿದೆ ಅನ್ನಬೇಕಾದರೆ ಎರಡು ವಿಷಯ ತೋರಿಸಬೇಕು. ದೇಶಗಳು ನಿಜವಾಗಿ ಹಾಗೆ ನಡೆದುಕೊಳ್ಳುತ್ತಿವೆಯೇ, ಹಾಗೆ ನಡೆಯುವುದು ಕಾನೂನಿನ ಬಾಧ್ಯತೆ ಅಂತ ನಂಬಿಯೇ ನಡೆಯುತ್ತಿವೆಯೇ? ದಾಕ್ಷಿಣ್ಯಕ್ಕೆ ಮಾಡಿದ್ದು ಲೆಕ್ಕಕ್ಕಿಲ್ಲ. ವೆಲ್ಲೂರು ತೀರ್ಪಿನಲ್ಲಿ ಯಾವ ದೇಶ ಏನು ಮಾಡಿತು ಎಂಬ ಪರಿಶೀಲನೆ ಹುಡುಕಿದರೂ ಸಿಗುವುದಿಲ್ಲ. ಸುಸ್ಥಿರ ಅಭಿವೃದ್ಧಿಯ ಮುಖ್ಯ ಲಕ್ಷಣಗಳನ್ನು ಅಂತಾರಾಷ್ಟ್ರೀಯ ಕಾನೂನು ಪಂಡಿತರು ಇನ್ನೂ ಅಂತಿಮಗೊಳಿಸಬೇಕಿದೆ ಅಂತ ಅದೇ ತೀರ್ಪು ಒಪ್ಪಿಕೊಳ್ಳುತ್ತದೆ. ಹಾಲು ಪೂರ್ತಿ ಹೆಪ್ಪಾಗುವ ಮುಂಚೆಯೇ ಮಜ್ಜಿಗೆ ಕಡೆದ ಹಾಗಾಯಿತು. ಆದರೂ ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಕೆಳಗಿನ ಕೋರ್ಟುಗಳೆಲ್ಲದಕ್ಕೂ ಬಂಧನ. ತರ್ಕದಲ್ಲಿ ಬಿರುಕಿದ್ದರೂ ನಿಯಮ ಗಟ್ಟಿಯಾಯಿತು. 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಮಿನಲ್ಲಿ ಸಂಸತ್ತೇ ಈ ತತ್ವವನ್ನು ಬರೆದಿಟ್ಟಿತು. ನ್ಯಾಯಮಂಡಳಿ ಅದನ್ನು ಅನ್ವಯಿಸಲೇಬೇಕು.

ಈಗ ಎಂಡೋಸಲ್ಫಾನ್ ಕಡೆ ಬನ್ನಿ. ಕಾಸರಗೋಡಿನ ಗೇರು ತೋಟಗಳ ಸುತ್ತ, ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಜನ ಪಟ್ಟ ಪಾಡು ನಿಮಗೆಲ್ಲ ಗೊತ್ತು. 2011ರ ಏಪ್ರಿಲ್ ಕೊನೆಯಲ್ಲಿ ಜಿನೀವಾದಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಸಭೆ ನಡೆದು, ಎಂಡೋಸಲ್ಫಾನ್ ನಿರ್ಮೂಲನೆಯ ಪಟ್ಟಿಗೆ ಸೇರಿತು. ಇದು ಅಪ್ಪಟ ಗಟ್ಟಿ ಕಾನೂನು, ಅನುಮೋದಿತ ಒಪ್ಪಂದ. ಆದರೆ ಅದರಲ್ಲೇ ಎರಡು ಕಿಂಡಿಗಳಿದ್ದವು.

ಮೊದಲನೆಯದು ವಿನಾಯಿತಿ. ಕೆಲವು ಬೆಳೆಗೆ, ಕೆಲವು ಕೀಟಕ್ಕೆ ಮಾತ್ರ ಸ್ವಲ್ಪ ಕಾಲ ಬಳಸಬಹುದು ಅಂತ ಒಂದು ಪಟ್ಟಿ ಮಾಡಿದರು. ಅದರಲ್ಲಿ ಕಾಫಿ ಇತ್ತು, ಬೆರಿ ಬೋರರ್ ಮತ್ತು ಕಾಂಡಕೊರಕಕ್ಕೆ. ಅಂದರೆ ದೊಡ್ಡಪ್ಪ ಹೊಡೆಯುತ್ತಿದ್ದ ಔಷಧಿಗೆ, ಹೊಡೆಯುತ್ತಿದ್ದ ಹುಳಕ್ಕೇ ಒಪ್ಪಂದದಲ್ಲಿ ದಾರಿ ಬಿಟ್ಟಿದ್ದರು! ಎರಡನೆಯ ಕಿಂಡಿ ಇನ್ನೂ ದೊಡ್ಡದು. 2006ರಲ್ಲಿ ಈ ಒಪ್ಪಂದ ಅನುಮೋದಿಸುವಾಗ ಭಾರತ 25ನೇ ವಿಧಿಯಡಿ ಒಂದು ಘೋಷಣೆ ಕೊಟ್ಟಿತ್ತು. ಪಟ್ಟಿಗೆ ಮುಂದೆ ಯಾವ ರಾಸಾಯನಿಕ ಸೇರಿದರೂ ಅದನ್ನು ನಾವು ಬೇರೆಯಾಗಿ ಅನುಮೋದಿಸುವವರೆಗೆ ಅದು ನಮಗೆ ಅನ್ವಯಿಸದು ಅಂತ. 2020ರಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳಿಗೆ ಒಪ್ಪಿಗೆ ಕೊಟ್ಟಾಗಲೂ ಆ ಏಳರಲ್ಲಿ ಎಂಡೋಸಲ್ಫಾನ್ ಇರಲಿಲ್ಲ. ಗಟ್ಟಿ ಅಂದುಕೊಂಡ ಕಾನೂನು ನಮ್ಮ ಗಡಿಯಲ್ಲೇ ನಿಂತುಬಿಟ್ಟಿತು.

ಜಿನೀವಾ ಸಭೆ ಮುಗಿದು ಎರಡು ವಾರಕ್ಕೆ, 2011ರ ಮೇ 13ರಂದು, ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಹೊರಡಿಸಿತು. ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆ ಮೂರೂ ದೇಶದಾದ್ಯಂತ ನಿಷೇಧ. ಆಧಾರ ಏನು? 21ನೇ ವಿಧಿ ಮತ್ತು ಮುನ್ನೆಚ್ಚರಿಕೆ ತತ್ವ. ಜಿನೀವಾದ ವಿನಾಯಿತಿ ಪಟ್ಟಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ರಿಯೋದಲ್ಲಿ ಯಾರನ್ನೂ ಕಟ್ಟದೆ ಹುಟ್ಟಿದ ವಾಕ್ಯ ಪಾಲಾರ್ ದಂಡೆಯಲ್ಲಿ ಗಟ್ಟಿಯಾಗಿ, ಮೂಡಿಗೆರೆ ಗೋದಾಮಿನವರೆಗೆ ಬಂದದ್ದು ಹೀಗೆ.

ಮೃದುವಾದದ್ದೆಲ್ಲ ಹೀಗೆ ಗಟ್ಟಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕೀಟನಾಶಕದ ವಿಷಯದಲ್ಲೇ ಇನ್ನೊಂದು ದಾರಿಯಿದೆ, ಅದು ಅರ್ಧದಲ್ಲಿ ಕುಂಟುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ 1985ರಲ್ಲಿ ಕೀಟನಾಶಕಗಳ ಬಗ್ಗೆ ಸ್ವಯಂಪ್ರೇರಿತ ನೀತಿ ಸಂಹಿತೆ ತಂದಿತು. ತನ್ನ ದೇಶದಲ್ಲಿ ನಿಷೇಧಿಸಿದ ವಿಷವನ್ನು ಇನ್ನೊಂದು ದೇಶಕ್ಕೆ ಕಳಿಸುವ ಮುಂಚೆ ಅವರ ಒಪ್ಪಿಗೆ ಕೇಳು ಎಂಬ ಅಂಶ ಅದಕ್ಕೆ ಸೇರಿದ್ದು 1989ರಲ್ಲಿ. ಬಂಧನವಿಲ್ಲದಿದ್ದರೂ ದೇಶಗಳು ಉತ್ತರಿಸಲು ಅಧಿಕಾರಿಗಳನ್ನು ನೇಮಿಸಿದವು, ಫಾರಂ ತುಂಬಿದವು, ಪದ್ಧತಿ ರೂಢಿಯಾಯಿತು. 1998ರಲ್ಲಿ ರಾಟರ್‌ಡ್ಯಾಮ್ ಒಪ್ಪಂದ ಬರೆಯುವಾಗ ಆ ಪದ್ಧತಿಯನ್ನೇ ಎತ್ತಿಟ್ಟುಕೊಂಡರು. 2004ರಿಂದ ಅದು ಕಡ್ಡಾಯ. ಆದರೆ ಗಟ್ಟಿಯಾದ ಕೂಡಲೇ ಎಲ್ಲರಿಗೂ ಭಯ ಹತ್ತಿತು. ಪಟ್ಟಿಗೆ ಹೊಸ ವಿಷ ಸೇರಿಸಲು ಎಲ್ಲ ದೇಶಗಳ ಸಹಮತ ಬೇಕು. ಕಳೆನಾಶಕ ಪ್ಯಾರಾಕ್ವಾಟ್‌ನ ಒಂದು ಬಗೆಯ ದ್ರಾವಣವನ್ನು ಸೇರಿಸುವಂತೆ ತಜ್ಞರ ಸಮಿತಿ ಶಿಫಾರಸು ಮಾಡಿದ್ದರೂ 2013ರ ಸಭೆಯಲ್ಲಿ ಗ್ವಾಟೆಮಾಲಾ ಮತ್ತು ಭಾರತ ತಡೆದವು. ಸೇರಿದ್ದರೂ ನಿಷೇಧವೇನೂ ಆಗುತ್ತಿರಲಿಲ್ಲ, ರಫ್ತಿಗೆ ಮುಂಚೆ ತಿಳಿಸಿ ಒಪ್ಪಿಗೆ ಕೇಳಬೇಕಿತ್ತು ಅಷ್ಟೇ. ಅಷ್ಟಕ್ಕೂ ನಮ್ಮವರು ಬಿಡಲಿಲ್ಲ. ನನಗೆ ಇದು ನಾಚಿಕೆಯ ವಿಷಯ.

ಹಾಗಾಗಿ ಕಕ್ಷಿದಾರರು ಯಾವುದೋ ಅಂತಾರಾಷ್ಟ್ರೀಯ ಕಾಗದ ಹಿಡಿದು ಬಂದರೆ ನಾನು ಶೀರ್ಷಿಕೆ ನೋಡುವುದಿಲ್ಲ. ಕ್ರಿಯಾಪದ ನೋಡುತ್ತೇನೆ, "ಮಾಡತಕ್ಕದ್ದು" ಅಂದಿದೆಯೋ "ಮಾಡುವುದು ಒಳಿತು" ಅಂದಿದೆಯೋ ಅಂತ. ಆಮೇಲೆ ಅದನ್ನು ನಮ್ಮ ಯಾವ ಶಾಸನ, ಯಾವ ತೀರ್ಪು ಒಳಗೆ ಕರೆದುಕೊಂಡಿದೆ ಅಂತ ಹುಡುಕುತ್ತೇನೆ. ಎರಡನೆಯದು ಸಿಕ್ಕರೆ ಮೊದಲನೆಯದು ಮೆತ್ತಗಿದ್ದರೂ ಕೇಸು ನಿಲ್ಲುತ್ತದೆ.

ಹೊರಡುವಾಗ ದೊಡ್ಡಪ್ಪನ ಜಗುಲಿ ಪಕ್ಕ ಕಳೆ ಸುಡುವ ಔಷಧಿಯ ಕ್ಯಾನು ಕಂಡಿತು. ಲೇಬಲ್ ಓದಿದೆ, ಪ್ಯಾರಾಕ್ವಾಟ್. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. "ಇದಕ್ಕೂ ಏನಾದ್ರೂ ವಾಕ್ಯ ಇದೆಯೇನೋ?" ಅಂದರು. "ಇದೆ ದೊಡ್ಡಪ್ಪ, ಅದೇ ವಾಕ್ಯ. ಇದಕ್ಕಿನ್ನೂ ಬಳಸಿಲ್ಲ" ಅಂದೆ. ಅವರು ಕ್ಯಾನು ಎತ್ತಿ, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಗೋದಾಮಿನೊಳಗಿಟ್ಟು ಬೀಗ ಹಾಕಿದರು.