ಚಿಕ್ಕಮ್ಮನ ಫೋನೂ ನನ್ನ ಮೀಟಿಂಗೂ

ಹತ್ತೂವರೆಗೆ ನನಗೆ ಆಫೀಸಿನ ಮೀಟಿಂಗು. ಹತ್ತೂವರೆಗೇ ಸಾಗರದಿಂದ ಚಿಕ್ಕಮ್ಮನ ಫೋನು. ಇವೆರಡಕ್ಕೂ ಸಂಬಂಧ ಇದೆ ಅಂತ ಗೊತ್ತಾಗುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು.

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ನೆಟ್ ಹೋದರೆ ಬೈಯಲು ಗಿರಾಕಿಗಳಿಗೇನೂ ಬರವಿಲ್ಲ. ಮಳೆ ಇದೆ, ಮಂಗ ಇದೆ, ಕೇಬಲ್ ಮೇಲೆ ಬೀಳಲು ಕಾದಿರುವ ಹಲಸಿನ ಕೊಂಬೆ ಇದೆ. ನಾನು ಮೂರನ್ನೂ ಸರದಿಯಲ್ಲಿ ಬೈದು, ಕೊನೆಗೆ ಲೈನಿನ ಹುಡುಗನನ್ನು ಕರೆಸಿದೆ. ಅವನು ಎರಡು ಸಲ ಬಂದ. ಫೈಬರ್ ತುದಿಗೆ ಮೀಟರ್ ಹಿಡಿದು, "ಲೈನ್ ಸಮ ಇದೆ ಸಾರ್" ಅಂದ, ಅಮ್ಮ ಕೊಟ್ಟ ಕಾಫಿ ಕುಡಿದು ಹೋದ. ಎರಡು ಸಲವೂ ಬಂದದ್ದು ಮಧ್ಯಾಹ್ನ ಮೂರಕ್ಕೆ. ಆಗ ಚಿಕ್ಕಮ್ಮ ಮಲಗಿರುತ್ತಾರೆ.

ಒಂದು ದಿನ ಸಿಟ್ಟಿಗೆ ನಾನೇ ಪರೀಕ್ಷೆಗೆ ಕೂತೆ. ಹೊರಗಿನ ಇಂಟರ್ನೆಟ್ ಬಿಟ್ಟು, ಕೆಳಗಿನ ಚಾವಡಿಯಲ್ಲಿರುವ ರೂಟರನ್ನೇ ಮಾತಾಡಿಸಿ ನೋಡುವುದು:

```
ping -t 192.168.1.1
```

ರೂಟರೇ ಉತ್ತರ ಕೊಡಲು ತಡವರಿಸಿದರೆ ತಪ್ಪು ಮನೆಯೊಳಗಿದೆ, ಮಂಗನದ್ದಲ್ಲ. 3 ಮಿಲಿಸೆಕೆಂಡು, 4, 3... ಕೆಳಗೆ ಫೋನ್ ಟ್ರಿಣ್ ಅಂತು. 380. 720. ಆಮೇಲೆ ಪರದೆ ತುಂಬ `Request timed out`. ಕೆಳಗಿನಿಂದ ಅಮ್ಮನ ದನಿ: "ಹ್ಞಾಂ, ಹೇಳೇ, ಎಂತ ತಿಂಡಿ ಇವತ್ತು?"

ಓಡಿ ಹೋಗಿ ನೋಡಿದೆ. ಆಯುಧಪೂಜೆಯ ಕುಂಕುಮ ಇನ್ನೂ ಮೆತ್ತಿಕೊಂಡಿದ್ದ ರೂಟರು, ಅದಕ್ಕೆ ಒತ್ತಿಕೊಂಡು ಕಾರ್ಡ್‌ಲೆಸ್ ಫೋನಿನ ಬೇಸು, ಎರಡರ ಮೇಲೂ ಅಮ್ಮ ಹೆಣೆದ ಕ್ರೋಶಾ ಬಟ್ಟೆ. ಬೇಸನ್ನು ಮಗುಚಿದರೆ ತಳದ ಚೀಟಿಯಲ್ಲಿ `2.4GHz`. ನಮ್ಮ ವೈಫೈ ಇರುವುದೂ ರೇಡಿಯೋ ಅಲೆಗಳ ಅದೇ ಓಣಿಯಲ್ಲಿ. ಗೋಡೆ ದಾಟಿ ದೂರ ಹೋಗುತ್ತದೆಂದು ಮನೆಮಂದಿಯೆಲ್ಲ ನೆಚ್ಚಿಕೊಂಡ ಓಣಿ ಅದು, ಅಗಲ ಮಾತ್ರ ಸುಮಾರು 83 ಮೆಗಾಹರ್ಟ್ಸ್. ಅದರಲ್ಲಿ ವೈಫೈ ಒಂದೇ 20 ಹಿಡಿದು ಕೂರುತ್ತದೆ.

ವೈಫೈ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸುವ ಮರ್ಯಾದಸ್ಥನ ಹಾಗೆ. ತಿರುವಿನಲ್ಲಿ ನಿಂತು, ಎದುರಿನಿಂದ ಯಾರೂ ಬರುತ್ತಿಲ್ಲ ಅಂತ ಕಿವಿಗೊಟ್ಟು ಕೇಳಿ, ಆಮೇಲೆ ಹೊರಡುತ್ತದೆ. ನಮ್ಮ ಹಳೇ ಕಾರ್ಡ್‌ಲೆಸ್ಸು ಹಾರ್ನೂ ಹಾಕದೆ ನುಗ್ಗುವ ಜಾತಿ. ಅದು ಓಣಿಯ ಉದ್ದಕ್ಕೂ ಜಿಗಿಯುತ್ತಲೇ ಇರುತ್ತದೆ, ಎಲ್ಲಿ ಯಾರಿದ್ದಾರೆ ಅಂತ ನೋಡುವುದಿಲ್ಲ. ವೈಫೈ ಕಾದು ಕಾದು ಸುಸ್ತು. ಹೊರಟರೆ ಡಿಕ್ಕಿ, ಕಳಿಸಿದ್ದನ್ನೇ ಮತ್ತೆ ಕಳಿಸಬೇಕು. ಚಾನೆಲ್ಲನ್ನು 1ಕ್ಕೆ, 6ಕ್ಕೆ, 11ಕ್ಕೆ ಬದಲಿಸಿ ನೋಡಿದೆ. ಎಲ್ಲ ಕಡೆಗೂ ಜಿಗಿಯುವವನಿಂದ ಎಲ್ಲಿಗೆ ಅಂತ ಓಡುವುದು?

ಅನುಮಾನ ಅಪ್ಪಯ್ಯನ ಬ್ಲೂಟೂತ್ ಸ್ಪೀಕರಿನ ಮೇಲೂ ಇತ್ತು. ಬೆಳಿಗ್ಗೆಯಿಂದ ತಾಳಮದ್ದಲೆ ಹಾಕಿ ಅಂಗಳದಲ್ಲಿ ಅಡಿಕೆ ಹರಡುವವರು ಅವರು. ಬ್ಲೂಟೂತೂ ಅದೇ ಓಣಿಯದ್ದೇ, ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಆದರೆ ಅದಕ್ಕೆ ಇರುವ 79 ಮೆಟ್ಟಿಲಲ್ಲಿ ಯಾವುದರ ಮೇಲೆ ಜನ ಕೂತಿದ್ದಾರೆ ಅಂತ ಕಲಿತುಕೊಂಡು, ಅವನ್ನು ಬಿಟ್ಟು ಕಾಲಿಡುವ ಸಭ್ಯತೆ 2003ರಿಂದ ಬಂದಿದೆ. ಸ್ಪೀಕರ್ ಹಾಕಿ ಪಿಂಗ್ ನೋಡಿದರೆ ಆಗಾಗ 20, 30, ಅಷ್ಟೆ. ಅಪ್ಪಯ್ಯ ಬಚಾವ್. "ಮತ್ತೆ ನನ್ನ ಭಾಗವತರು ಮಧ್ಯೆ ಮಧ್ಯೆ ಕಂಠ ಕಟ್ಟಿಕೊಳ್ಳುವುದು ಯಾಕೆ?" ಅಂತ ಅವರ ಮರುಸವಾಲು. ಅದು ಅವರ ಮೊಬೈಲಿನ ಸಂಕಟ. ಅಂಗಳದ ತುದಿಯಲ್ಲಿ ಕ್ಷೀಣಿಸಿದ ವೈಫೈಯಿಂದ ಪದ ಎಳೆಯುವುದೂ, ಅದನ್ನೇ ಬ್ಲೂಟೂತಿನಲ್ಲಿ ಸ್ಪೀಕರಿಗೆ ದಾಟಿಸುವುದೂ ಒಂದೇ ಪುಟ್ಟ ರೇಡಿಯೋ ಸರದಿಯಲ್ಲಿ ಮಾಡಬೇಕು. ರಾತ್ರಿಯೇ ಡೌನ್‌ಲೋಡ್ ಮಾಡಿಕೊಟ್ಟೆ, ಭಾಗವತರ ಕಂಠ ಬಿಟ್ಟಿತು.

ಉಳಿದದ್ದು ಅಮ್ಮ. "ನಾ ಮಾತಾಡಿದ್ರೆ ನಿನ್ನ ಇಂಟರ್ನೆಟ್ಟಿಗೆ ಎಂತ ಹೊಟ್ಟೆಯುರಿ?" ಅಂದರು. ವೈಫೈಯನ್ನು 5 ಗಿಗಾಹರ್ಟ್ಸಿನ ಓಣಿಗೆ ಒಯ್ಯೋಣ ಅಂದರೆ ಅದು ಚಾವಡಿಯಲ್ಲಿ ಕುದುರೆ, ಎರಡು ಜಂಬಿಟ್ಟಿಗೆ ಗೋಡೆ ದಾಟಿ ಉಪ್ಪರಿಗೆಗೆ ಬರುವಷ್ಟರಲ್ಲಿ ಒಂದೇ ಗೆರೆ. 1.9 ಗಿಗಾಹರ್ಟ್ಸಿನ ಡೆಕ್ಟ್ ಫೋನು ತಂದರೆ ತಂಟೆಯೇ ಇಲ್ಲ. ಆದರೆ ಹಾಳಾಗದ ಸಾಮಾನು ಬದಲಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಬೇಸು ಅಡುಗೆಮನೆ ಬಾಗಿಲಿನ ಪಕ್ಕಕ್ಕೆ ಹೋಯಿತು. ರೂಟರಿಗೂ ಅದಕ್ಕೂ ಈಗ ಹತ್ತಿಪ್ಪತ್ತು ಅಡಿ ಅಂತರ. ಪಿಂಗ್ 40, 60ಕ್ಕೆ ಇಳಿಯಿತು, ಅಪರೂಪಕ್ಕೊಂದು 200.

ಆ ಅಪರೂಪಕ್ಕೂ ಅಮ್ಮ ಒಂದು ವ್ಯವಸ್ಥೆ ಮಾಡಿದ್ದಾರೆ. ಫೋನ್ ರಿಂಗಾದ ಕೂಡಲೇ ಮೆಟ್ಟಿಲ ಬುಡದಿಂದ ಕೂಗುತ್ತಾರೆ: "ಎತ್ತಲಾ ಮಾರಾಯಾ?" ಮೈಕ್ ಮ್ಯೂಟ್ ಮಾಡಲು ನನಗೆ ಪುರುಸೊತ್ತಾಗುವುದಿಲ್ಲ. ಮೊನ್ನೆ ನನಗಿಂತ ಮೊದಲು, ಬೆಂಗಳೂರಿನಲ್ಲಿ ಕೂತ ನಮ್ಮ ಮ್ಯಾನೇಜರ್ರೇ ಅಂದರು: "ಎತ್ತಿ ಅಮ್ಮಾ, ನಾವು ಕಾಯ್ತೀವಿ."